ಹತ್ತು ಪಿಡಿಎಫ್, ಒಂದು ಕೋಷ್ಟಕ

ಮನೆಮನೆಗೆ ಶೌಚಾಲಯ ಬಂದರೆ ಮಕ್ಕಳ ಭೇದಿ ಕಡಿಮೆಯಾಗುತ್ತದೆಯೇ? ಮಕ್ಕಳು ಎತ್ತರ ಬೆಳೆಯುತ್ತಾರೆಯೇ? ಯಾರನ್ನು ಕೇಳಿದರೂ ಹೌದು ಎಂದೇ ಹೇಳುತ್ತಾರೆ. ಕಳೆದ ಹನ್ನೆರಡು ವರ್ಷಗಳಲ್ಲಿ ಇದೇ ಪ್ರಶ್ನೆಯನ್ನು ಹಳ್ಳಿಗಳಲ್ಲಿ, ಒಂದೆರಡು ಕಡೆ ನಗರಗಳಲ್ಲಿ, ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿ ನೋಡಿದವರಿದ್ದಾರೆ. ಅವರ ಉತ್ತರ ಅಷ್ಟು ಸಲೀಸಾಗಿಲ್ಲ. ಸಾರ್ವಜನಿಕ ಆರೋಗ್ಯದಲ್ಲಿ ಪಿಎಚ್‌ಡಿ ಮಾಡಲು ಹೊರಟ ವಿದ್ಯಾರ್ಥಿ ಈ ವಿಷಯದ ಸಾಹಿತ್ಯ ಸಮೀಕ್ಷೆ ಬರೆಯಲು ಕುಳಿತಾಗ ಲ್ಯಾಪ್‌ಟಾಪಿನ ಒಂದು ಫೋಲ್ಡರಿನಲ್ಲಿ ಹತ್ತು ಪಿಡಿಎಫ್ ಸೇರಿಕೊಂಡಿರುತ್ತವೆ. ಪ್ರತಿಯೊಂದನ್ನೂ ಓದಿ, ಒಂದೊಂದು ಪ್ಯಾರಾದಲ್ಲಿ ಸಾರಾಂಶ ಬರೆದು, ಒಂದರ ಕೆಳಗೊಂದು ಜೋಡಿಸಿದರೆ ಹತ್ತು ಪ್ಯಾರಾಗಳಾಗುತ್ತವೆ, ಸಮೀಕ್ಷೆಯಾಗುವುದಿಲ್ಲ. ಹತ್ತೂ ಪೇಪರುಗಳಿಗೆ ಒಂದೇ ಪ್ರಶ್ನೆಗಳನ್ನು ಕೇಳಿ ಉತ್ತರಗಳನ್ನು ಎದುರುಬದುರು ಇಟ್ಟಾಗಲೇ ಹೋಲಿಕೆ ಶುರುವಾಗುವುದು. ಅದಕ್ಕೆ ಬೇಕಾದದ್ದು ಒಂದು ಕೋಷ್ಟಕ.

ನಮ್ಮ ಫೋಲ್ಡರಿನಲ್ಲಿರುವ ಹತ್ತು ಫೈಲುಗಳು ಇವು ಎಂದುಕೊಳ್ಳೋಣ. ಒಡಿಶಾದ ಪುರಿ ಜಿಲ್ಲೆಯ ಪ್ರಯೋಗ (2014), ಮಧ್ಯಪ್ರದೇಶದ್ದು (2014), ಆಫ್ರಿಕಾದ ಮಾಲಿ ದೇಶದ್ದು (2015), ಬಾಂಗ್ಲಾದೇಶ ಮತ್ತು ಕೀನ್ಯಾದ ಎರಡು (2018), ಜಿಂಬಾಬ್ವೆಯದು (2019), ಒಡಿಶಾದಲ್ಲೇ ಗ್ರಾಮ ವಿಕಾಸ್ ಸಂಸ್ಥೆಯ ಕಾರ್ಯಕ್ರಮವನ್ನು ಅಳೆದ ಇನ್ನೊಂದು ಅಧ್ಯಯನ (2019), ಮೊಜಾಂಬಿಕ್‌ನ ಮಪುಟೊ ನಗರದ್ದು (2021). ಇವು ಎಂಟು. ಉಳಿದ ಎರಡೂ ಮಹಾರಾಷ್ಟ್ರದವು. ಜೆಫ್ರಿ ಹ್ಯಾಮರ್ ಮತ್ತು ಡೀನ್ ಸ್ಪಿಯರ್ಸ್ ಬರೆದ ಇವುಗಳಲ್ಲಿ ಒಂದು 2013ರ ವಿಶ್ವಬ್ಯಾಂಕ್ ವರದಿ, ಮತ್ತೊಂದು 2016ರ ಜರ್ನಲ್ ಲೇಖನ.

ಸಾಲು ಎಂದರೆ ಫೈಲ್ ಅಲ್ಲ

ಕೋಷ್ಟಕದ ಮೊದಲ ತಪ್ಪು ಆಗುವುದು ಇಲ್ಲಿಯೇ. ಹತ್ತು ಪಿಡಿಎಫ್ ಇವೆ ಎಂದು ಹತ್ತು ಸಾಲು ಹಾಕುತ್ತೇವೆ. ಆದರೆ ಮಹಾರಾಷ್ಟ್ರದ ಆ ಎರಡು ಫೈಲುಗಳು ಹೇಳುವುದು ಒಂದೇ ಪ್ರಯೋಗದ ಕಥೆಯನ್ನು. ಶೀರ್ಷಿಕೆ ಬೇರೆ, ವರ್ಷ ಬೇರೆ, ಪುಟಸಂಖ್ಯೆ ಬೇರೆ. ಹಳ್ಳಿಗಳು ಮಾತ್ರ ಅವೇ, ಮಕ್ಕಳೂ ಅವರೇ. ಎರಡು ಸಾಲು ಕೊಟ್ಟರೆ ಮಹಾರಾಷ್ಟ್ರಕ್ಕೆ ಎರಡು ಓಟು ಸಿಕ್ಕಂತಾಗುತ್ತದೆ. ಹಾಗಾಗಿ ಹತ್ತು ಫೈಲಿಗೆ ಒಂಬತ್ತೇ ಸಾಲು. ಎರಡರ ನಡುವೆ ಅಂಕಿ ಬದಲಾಗಿದ್ದರೆ ಪರಿಶೀಲನೆಗೊಳಗಾಗಿ ಅಚ್ಚಾದ ಜರ್ನಲ್ ಲೇಖನದ್ದನ್ನು ತೆಗೆದುಕೊಂಡು, ಹಳೆಯದನ್ನು ಷರಾ ಕಾಲಮಿನಲ್ಲಿ ನಮೂದಿಸಿದರೆ ಸಾಕು.

ಇದಕ್ಕೆ ತಿರುಗುಮುರುಗಾದ ಪ್ರಸಂಗವೂ ಇದೆ. ಬಾಂಗ್ಲಾದೇಶದ ಪ್ರಯೋಗ ಒಂದೇ ಆದರೂ ಅದರೊಳಗೆ ಹಲವು ಗುಂಪುಗಳಿದ್ದವು. ಕೆಲವರಿಗೆ ನೀರಿನ ಶುದ್ಧೀಕರಣ ಮಾತ್ರ, ಕೆಲವರಿಗೆ ಶೌಚಾಲಯ ಮಾತ್ರ, ಕೆಲವರಿಗೆ ಕೈತೊಳೆಯುವ ವ್ಯವಸ್ಥೆ, ಕೆಲವರಿಗೆ ಪೌಷ್ಟಿಕ ಆಹಾರ, ಇನ್ನು ಕೆಲವರಿಗೆ ಇವುಗಳ ಜೋಡಣೆ. ನಮ್ಮ ಪ್ರಶ್ನೆ ಶೌಚಾಲಯದ್ದಾದ್ದರಿಂದ ಆ ಗುಂಪನ್ನು ಮಾತ್ರ ಸಾಲಿಗೆ ಇಳಿಸಬೇಕು. ಎಲ್ಲ ಗುಂಪುಗಳನ್ನೂ ಕಲಸಿ ‘ಬಾಂಗ್ಲಾದೇಶದಲ್ಲಿ ಫಲ ಸಿಕ್ಕಿತು’ ಎಂದು ಬರೆದರೆ ಯಾವುದರಿಂದ ಸಿಕ್ಕಿತು ಎಂಬುದು ಕಳೆದುಹೋಗುತ್ತದೆ.

ಎರಡು ಪಿಡಿಎಫ್ ಒಂದೇ ಅಧ್ಯಯನದವೇ ಎಂದು ಪತ್ತೆ ಮಾಡಲು ಲೇಖಕರ ಹೆಸರೊಂದನ್ನೇ ನಂಬಬಾರದು. ಜಿಲ್ಲೆ, ಹಳ್ಳಿಗಳ ಸಂಖ್ಯೆ, ಮಾಹಿತಿ ಸಂಗ್ರಹಿಸಿದ ತಿಂಗಳು, ಪ್ರಯೋಗದ ನೋಂದಣಿ ಸಂಖ್ಯೆ ಇವನ್ನು ತಾಳೆ ನೋಡಬೇಕು. ನೋಂದಣಿ ಸಂಖ್ಯೆ ಸಾಮಾನ್ಯವಾಗಿ ಸಾರಾಂಶದ ಕೊನೆಯಲ್ಲಿರುತ್ತದೆ.

ಕಾಲಂ ಆರಿಸುವುದೇ ಅರ್ಧ ಕೆಲಸ

ಬಹಳಷ್ಟು ವಿದ್ಯಾರ್ಥಿಗಳ ಕೋಷ್ಟಕದಲ್ಲಿ ಐದು ಕಾಲಂ ಇರುತ್ತವೆ: ಲೇಖಕ, ವರ್ಷ, ಸ್ಥಳ, ವಿಧಾನ, ಫಲಿತಾಂಶ. ಇದರಲ್ಲಿ ಕೊನೆಯದು ಕೆಲಸಕ್ಕೆ ಬಾರದು. ‘ಫಲಿತಾಂಶ’ ಎಂಬ ಒಂದೇ ಮನೆಯೊಳಗೆ ಒಬ್ಬರು ಭೇದಿಯ ಬಗ್ಗೆ, ಇನ್ನೊಬ್ಬರು ಎತ್ತರದ ಬಗ್ಗೆ, ಮತ್ತೊಬ್ಬರು ಹೊಟ್ಟೆಹುಳುವಿನ ಬಗ್ಗೆ ಹೇಳಿದ ಮಾತು ಬಂದು ಕೂತಿರುತ್ತದೆ. ಪಕ್ಕಪಕ್ಕದಲ್ಲಿದ್ದರೂ ಅವನ್ನು ಹೋಲಿಸಲು ಬರುವುದಿಲ್ಲ. ಭೇದಿಗೆ ಒಂದು ಕಾಲಂ, ಎತ್ತರಕ್ಕೆ ಇನ್ನೊಂದು ಎಂದು ಬಿಡಿಸಲೇಬೇಕು.

ಅದಕ್ಕಿಂತ ಮುಖ್ಯವಾದದ್ದು ಕಾರ್ಯಕ್ರಮಕ್ಕೂ ಫಲಿತಾಂಶಕ್ಕೂ ನಡುವೆ ಇರಬೇಕಾದ ಕಾಲಂ. ಶೌಚಾಲಯ ಕಟ್ಟಿಸುವ ಯೋಜನೆ ಬಂತು, ಸರಿ. ಎಷ್ಟು ಮನೆಗಳಲ್ಲಿ ನಿಜಕ್ಕೂ ಶೌಚಾಲಯ ಎದ್ದು ನಿಂತಿತು? ಯೋಜನೆ ಬಾರದ ಹಳ್ಳಿಗಳಲ್ಲಿ ಆ ಹೊತ್ತಿಗೆ ಎಷ್ಟು ಇತ್ತು? ಮಧ್ಯಪ್ರದೇಶದ 80 ಹಳ್ಳಿಗಳ ಪ್ರಯೋಗವನ್ನು ಈ ಕಾಲಂ ಇಲ್ಲದೆ ಓದಿದರೆ ‘ಶೌಚಾಲಯದಿಂದ ಮಕ್ಕಳ ಆರೋಗ್ಯ ಸುಧಾರಿಸಲಿಲ್ಲ’ ಎಂಬ ಒಂದು ಸಾಲು ಸಿಗುತ್ತದೆ. ಕಾಲಂ ಸೇರಿಸಿದರೆ ಬೇರೆಯೇ ಚಿತ್ರ. ಯೋಜನೆ ಬಂದ ಹಳ್ಳಿಗಳಲ್ಲಿ ಸುಧಾರಿತ ಶೌಚಾಲಯವಿದ್ದ ಮನೆಗಳು ಶೇ. 41, ಬಾರದ ಹಳ್ಳಿಗಳಲ್ಲಿ ಶೇ. 22. ಯೋಜನೆ ಬಂದ ಮೇಲೂ ವಯಸ್ಕರಲ್ಲಿ ನಾಲ್ಕರಲ್ಲಿ ಹೆಚ್ಚುಕಮ್ಮಿ ಮೂವರು ಬಯಲಿಗೇ ಹೋಗುತ್ತಿದ್ದರು. ಹಾಗಾದರೆ ಸೋತದ್ದು ಶೌಚಾಲಯವೋ, ಶೌಚಾಲಯ ತಲುಪಿಸುವ ಯೋಜನೆಯೋ? ಸಮೀಕ್ಷೆಯಲ್ಲಿ ಇವೆರಡನ್ನು ಬೇರೆಬೇರೆಯಾಗಿ ಬರೆಯಬೇಕಾಗುತ್ತದೆ.

ನಮ್ಮ ಕೋಷ್ಟಕಕ್ಕೆ ಇಷ್ಟು ಕಾಲಂ ಸಾಕು: ಸ್ಥಳ ಮತ್ತು ವರ್ಷ, ಅಧ್ಯಯನದ ಬಗೆ, ಎಷ್ಟು ಹಳ್ಳಿ, ಏನೇನು ಕೊಟ್ಟರು, ಶೌಚಾಲಯದ ವ್ಯಾಪ್ತಿ ಎರಡೂ ಗುಂಪಿನಲ್ಲಿ, ಭೇದಿ, ಎತ್ತರ, ಅಂಕಿ ಸಿಕ್ಕ ಪುಟ, ಷರಾ. ‘ಎಷ್ಟು ಹಳ್ಳಿ’ ಎಂದು ಕೇಳುವುದಕ್ಕೆ ಕಾರಣವಿದೆ. ಇಲ್ಲಿ ಚೀಟಿ ಎತ್ತಿ ಹಂಚಿದ್ದು ಮಕ್ಕಳನ್ನಲ್ಲ, ಇಡೀ ಹಳ್ಳಿಗಳನ್ನು. ಸಾವಿರಾರು ಮಕ್ಕಳನ್ನು ಅಳೆದರೂ ಅಧ್ಯಯನದ ನಿಜವಾದ ಬಲ ನಿಂತಿರುವುದು ಹಳ್ಳಿಗಳ ಸಂಖ್ಯೆಯ ಮೇಲೆ.

ಒಂದು ಸಾಲು ತುಂಬುವುದು ಹೇಗೆ

ಪುರಿ ಜಿಲ್ಲೆಯ ಪೇಪರನ್ನು ತೆಗೆದುಕೊಳ್ಳೋಣ. ಥಾಮಸ್ ಕ್ಲಾಸೆನ್ ಮತ್ತು ಸಂಗಡಿಗರು ಬರೆದ ಇದು ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆಯಲ್ಲಿ ಬಂದಿದೆ. ಮೊದಲು ಫೈಲಿನ ಹೆಸರು ಬದಲಿಸಬೇಕು. ಡೌನ್‌ಲೋಡ್ ಆದಾಗ ಬರುವ ಅಕ್ಷರ-ಅಂಕಿಗಳ ಗೋಜಲಿನ ಬದಲು `2014_Clasen_Odisha.pdf` ಎಂದಿದ್ದರೆ ಸಾಲಿಗೂ ಫೈಲಿಗೂ ನಂಟು ಉಳಿಯುತ್ತದೆ.

ನೂರು ಹಳ್ಳಿಗಳು, ಐವತ್ತರಲ್ಲಿ ಸಂಪೂರ್ಣ ಸ್ವಚ್ಛತಾ ಆಂದೋಲನದಡಿ ಶೌಚಾಲಯ ಕಟ್ಟಿಸಲಾಯಿತು, ಉಳಿದ ಐವತ್ತನ್ನು ಹೋಲಿಕೆಗೆ ಇಟ್ಟುಕೊಳ್ಳಲಾಯಿತು. ಯೋಜನೆಯ ಹಳ್ಳಿಗಳಲ್ಲಿ ಶೌಚಾಲಯವಿದ್ದ ಮನೆಗಳು ಶೇ. 9ರಿಂದ 63ಕ್ಕೆ ಏರಿದವು. ಹೋಲಿಕೆಯ ಹಳ್ಳಿಗಳಲ್ಲಿ 8ರಿಂದ 12ಕ್ಕೆ. ಐದು ವರ್ಷದೊಳಗಿನ ಮಕ್ಕಳಲ್ಲಿ ಹಿಂದಿನ ಏಳು ದಿನಗಳಲ್ಲಿ ಭೇದಿಯಾದವರು ಯೋಜನೆಯ ಹಳ್ಳಿಗಳಲ್ಲಿ ಶೇ. 8.8, ಉಳಿದೆಡೆ ಶೇ. 9.1. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 0.97. ಅಂದರೆ ಯೋಜನೆಯ ಹಳ್ಳಿಗಳಲ್ಲಿ ಭೇದಿ ಬರೀ ಶೇ. 3ರಷ್ಟು ಕಡಿಮೆ.

ಇಲ್ಲಿಗೆ ನಿಲ್ಲಿಸಬಾರದು. ಪಕ್ಕದಲ್ಲೇ 0.83ರಿಂದ 1.12 ಎಂಬ ಅಂತರ ಕೊಟ್ಟಿದ್ದಾರೆ. ಇದೇ ಕಾನ್ಫಿಡೆನ್ಸ್ ಇಂಟರ್ವಲ್. ಸರಳವಾಗಿ ಹೇಳುವುದಾದರೆ, ಭೇದಿ ನಿಜಕ್ಕೂ ಶೇ. 17ರಷ್ಟು ಇಳಿದಿದ್ದರೂ, ಶೇ. 12ರಷ್ಟು ಏರಿದ್ದರೂ ಈ ಅಧ್ಯಯನದ ಅಂಕಿಗಳು ಅದಕ್ಕೆ ಹೊಂದಿಕೊಳ್ಳುತ್ತವೆ. ಆದ್ದರಿಂದ ಕೋಷ್ಟಕದಲ್ಲಿ ‘ಪರಿಣಾಮ ಇಲ್ಲ’ ಎಂದು ಬರೆಯುವ ಬದಲು ಆ ಮೂರೂ ಅಂಕಿಗಳನ್ನು ಬರೆಯಬೇಕು. ಮೂರನೇ ಒಂದು ಪಾಲಿನಷ್ಟು ದೊಡ್ಡ ಇಳಿಕೆ ಇಲ್ಲಿ ಆಗಿಲ್ಲ ಎಂದು ಧೈರ್ಯವಾಗಿ ಹೇಳಬಹುದು. ಶೇ. 10ರ ಇಳಿಕೆಯೂ ಆಗಿಲ್ಲ ಎಂದು ಹೇಳಲು ಬರುವುದಿಲ್ಲ.

ಷರಾ ಕಾಲಮಿಗೂ ಇಲ್ಲಿ ಕೆಲಸವಿದೆ. ಶೇ. 63 ಎನ್ನುವುದು ಶೌಚಾಲಯ ಇದ್ದ ಮನೆಗಳ ಲೆಕ್ಕ. ಅದರಲ್ಲಿ ಬಳಸುವ ಸ್ಥಿತಿಯಲ್ಲಿದ್ದವು ಇದಕ್ಕಿಂತ ಬಹಳ ಕಡಿಮೆ. ಆ ವಿವರ ಸಾರಾಂಶದಲ್ಲಿಲ್ಲ, ಒಳಗಿನ ಪುಟಗಳನ್ನು ಓದಿದರೆ ಮಾತ್ರ ಸಿಗುತ್ತದೆ. ಸಾರಾಂಶ ಓದಿ ಕೋಷ್ಟಕ ತುಂಬಬಾರದು ಎನ್ನುವುದು ಇದಕ್ಕೇ.

ಅಂಕಿ ಜಾರುವ ಜಾಗಗಳು

ಪಿಡಿಎಫ್‌ನಿಂದ ಎಕ್ಸೆಲ್‌ಗೆ ಅಂಕಿ ಸಾಗಿಸುವಾಗ ಆಗುವ ಎಡವಟ್ಟುಗಳು ಕಣ್ಣಿಗೆ ಬೀಳುವುದು ಕಷ್ಟ. ಲ್ಯಾನ್ಸೆಟ್ ಬಳಗದ ಪತ್ರಿಕೆಗಳಲ್ಲಿ ದಶಮಾಂಶದ ಚುಕ್ಕಿ ಕೆಳಗಿರುವುದಿಲ್ಲ, ಸಾಲಿನ ನಡುಮಟ್ಟದಲ್ಲಿರುತ್ತದೆ: `0·97`. ಇದನ್ನು ಕಾಪಿ ಮಾಡಿ ಅಂಟಿಸಿದರೆ ಎಕ್ಸೆಲ್ ಅದನ್ನು ಸಂಖ್ಯೆ ಎಂದು ಒಪ್ಪುವುದಿಲ್ಲ, ಪಠ್ಯ ಎಂದು ಭಾವಿಸುತ್ತದೆ. ನೋಡಲು ಸರಿಯಾಗಿಯೇ ಕಾಣುತ್ತದೆ, ಆದರೆ ಸರಾಸರಿ ತೆಗೆದರೆ ಆ ಮನೆಯನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಗುರುತಿಸುವ ಬಗೆ ಸುಲಭ. ಸಂಖ್ಯೆಯಾದರೆ ತಾನಾಗಿ ಮನೆಯ ಬಲಕ್ಕೆ ಸರಿಯುತ್ತದೆ, ಪಠ್ಯವಾದರೆ ಎಡಕ್ಕೆ ಅಂಟಿಕೊಳ್ಳುತ್ತದೆ. `5-7` ಎಂಬಂಥ ವಯಸ್ಸಿನ ಅಂತರವನ್ನು ಟೈಪಿಸಿದರೆ ಅದು ತಾರೀಖಾಗಿ ಬದಲಾಗುವುದೂ ಉಂಟು. ಅಂಕಿ ತುಂಬುವ ಮೊದಲೇ ಆ ಕಾಲಮನ್ನು ಪಠ್ಯ ಎಂದು ನಿಗದಿ ಮಾಡಿದರೆ ಈ ಕಾಟ ತಪ್ಪುತ್ತದೆ. ಅಂತರದ ಎರಡು ತುದಿಗಳಿಗೆ ಎರಡು ಕಾಲಂ ಕೊಡುವುದು ಇನ್ನೂ ಒಳ್ಳೆಯದು.

ಎರಡನೇ ಎಡವಟ್ಟು ಶೇಕಡಾವಾರಿನದು. ಬಾಂಗ್ಲಾದೇಶದಲ್ಲಿ ಹೋಲಿಕೆಯ ಗುಂಪಿನ ಮಕ್ಕಳಲ್ಲಿ ಭೇದಿ ಶೇ. 5.7, ಶೌಚಾಲಯದ ಗುಂಪಿನಲ್ಲಿ ಶೇ. 3.5. ಭಾಗಿಸಿ ನೋಡಿದರೆ ಶೇ. 39 ಇಳಿಕೆ. ಕಳೆದು ನೋಡಿದರೆ ನೂರು ಮಕ್ಕಳಲ್ಲಿ ಎರಡಕ್ಕಿಂತ ಚೂರು ಹೆಚ್ಚು. ಎರಡೂ ನಿಜವೇ. ಒಂದು ಪೇಪರಿನಿಂದ ಭಾಗಿಸಿದ ಲೆಕ್ಕವನ್ನೂ ಇನ್ನೊಂದರಿಂದ ಕಳೆದ ಲೆಕ್ಕವನ್ನೂ ತಂದು ಒಂದೇ ಕಾಲಮಿನಲ್ಲಿ ಕೂರಿಸಿದರೆ ಮಾತ್ರ ಸುಳ್ಳಾಗುತ್ತದೆ. ಮಧ್ಯಪ್ರದೇಶದ ಪೇಪರಿನಲ್ಲಿ ಶೌಚಾಲಯ ಶೇ. 19 ಹೆಚ್ಚಿತು ಎಂದಿರುವುದು ಕಳೆದ ಲೆಕ್ಕ, 41ರಲ್ಲಿ 22 ಹೋದರೆ 19. ಇದಕ್ಕೆ ಮದ್ದು ಒಂದೇ: ಎರಡೂ ಗುಂಪುಗಳ ಮೂಲ ಅಂಕಿಗಳನ್ನೇ ಕೋಷ್ಟಕಕ್ಕೆ ಇಳಿಸಿ, ಭಾಗಾಕಾರವನ್ನೋ ವ್ಯವಕಲನವನ್ನೋ ಎಲ್ಲ ಸಾಲುಗಳಿಗೂ ಒಂದೇ ಸಮನೆ ನಾವೇ ಮಾಡುವುದು.

ಮೂರನೆಯದು ಖಾಲಿ ಮನೆ. ಪೇಪರಿನಲ್ಲಿ ಎತ್ತರ ಅಳೆದೇ ಇಲ್ಲದಿದ್ದರೆ ‘ಅಳೆದಿಲ್ಲ’, ಅಳೆದೂ ಅಂಕಿ ಕೊಡದಿದ್ದರೆ ‘ವರದಿಯಿಲ್ಲ’, ನಾವಿನ್ನೂ ಹುಡುಕಿಲ್ಲದಿದ್ದರೆ ಮಾತ್ರ ಖಾಲಿ. ಈ ಮೂರೂ ಒಂದೇ ರೀತಿ ಕಂಡರೆ ತಿಂಗಳ ನಂತರ ಯಾವುದು ಯಾವುದೆಂದು ಬರೆದವರಿಗೇ ತಿಳಿಯುವುದಿಲ್ಲ. ಸೊನ್ನೆಯನ್ನಂತೂ ಸೊನ್ನೆ ಎಂದು ಪೇಪರಿನಲ್ಲಿದ್ದಾಗ ಮಾತ್ರ ಬರೆಯಬೇಕು.

ಸಾಧ್ಯವಿದ್ದರೆ ಇಬ್ಬರು ಪ್ರತ್ಯೇಕವಾಗಿ ತುಂಬಿ ಆಮೇಲೆ ತಾಳೆ ನೋಡುವುದು ಒಳ್ಳೆಯದು. ವೈದ್ಯಕೀಯ ಸಮೀಕ್ಷೆಗಳಿಗೆ ಮಾದರಿಯಾಗಿರುವ ಕಾಕ್ರೇನ್ ಕೈಪಿಡಿಯ ಸಲಹೆಯೂ ಇದೇ. ಮೊದಲು ಎರಡು ಪೇಪರುಗಳನ್ನು ಇಬ್ಬರೂ ತುಂಬಿ ನೋಡಿದರೆ ಯಾವ ಕಾಲಮಿನ ಪ್ರಶ್ನೆ ಅಸ್ಪಷ್ಟವಾಗಿದೆ ಎಂಬುದು ತಿಳಿದುಬಿಡುತ್ತದೆ. ಜತೆಗಾರರು ಸಿಗದಿದ್ದರೆ ವಾರ ಬಿಟ್ಟು ಮೂರು ಸಾಲುಗಳನ್ನು ಹಳೆಯದನ್ನು ನೋಡದೆ ಮತ್ತೆ ತುಂಬಬಹುದು. ಪುಟಸಂಖ್ಯೆಯ ಕಾಲಂ ಉಪಯೋಗಕ್ಕೆ ಬರುವುದು ಆಗಲೇ.

ಅಡ್ಡ ಓದು, ಉದ್ದ ಓದು

ತುಂಬಿದ ಕೋಷ್ಟಕದ ತಿರುಳು ಹೀಗಿರುತ್ತದೆ. ಜೋಡಿ ಅಂಕಿಗಳಲ್ಲಿ ಮೊದಲನೆಯದು ಯೋಜನೆಯ ಗುಂಪಿನದು, ಎರಡನೆಯದು ಹೋಲಿಕೆಯ ಗುಂಪಿನದು.

| ಸ್ಥಳ, ವರ್ಷ | ಶೌಚಾಲಯವಿದ್ದ ಮನೆಗಳು (ಶೇ.) | ಭೇದಿ (ಶೇ.) | ವಯಸ್ಸಿಗೆ ತಕ್ಕ ಎತ್ತರ |
|---|---|---|---|
| ಪುರಿ, ಒಡಿಶಾ, 2014 | 63 / 12 | 8.8 / 9.1 | ವ್ಯತ್ಯಾಸ ಕಾಣಲಿಲ್ಲ |
| ಮಧ್ಯಪ್ರದೇಶ, 2014 | 41 / 22 | ವ್ಯತ್ಯಾಸ ಕಾಣಲಿಲ್ಲ | ವ್ಯತ್ಯಾಸ ಕಾಣಲಿಲ್ಲ |
| ಮಾಲಿ, 2015 | 65 / 35 | 22 / 24 | +0.18 |
| ಮಹಾರಾಷ್ಟ್ರ, 2016 | ಸುಮಾರು 8 ಅಂಕ ಹೆಚ್ಚು | ಮುಖ್ಯ ಅಳತೆಯಲ್ಲ | ಸುಮಾರು +0.3 |
| ಬಾಂಗ್ಲಾದೇಶ, 2018 | ಯೋಜನೆಯ ಬಹುತೇಕ ಎಲ್ಲ ಮನೆ | 3.5 / 5.7 | ವ್ಯತ್ಯಾಸ ಕಾಣಲಿಲ್ಲ |
| ಗ್ರಾಮ ವಿಕಾಸ್, ಒಡಿಶಾ, 2019 | 85 / 18 | ವ್ಯತ್ಯಾಸ ಕಾಣಲಿಲ್ಲ | +0.17 |

ಎತ್ತರದ ಅಂಕಿಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆ ಮಾನದಂಡಕ್ಕೆ ಹೋಲಿಸಿ ಲೆಕ್ಕ ಹಾಕುತ್ತಾರೆ. ಎರಡು ವರ್ಷದ ಮಗುವಿನಲ್ಲಿ 0.18 ಎಂದರೆ ಸುಮಾರು ಅರ್ಧ ಸೆಂಟಿಮೀಟರ್. ಉಳಿದ ಮೂರು ಸಾಲುಗಳಲ್ಲಿ ಕೀನ್ಯಾ ಮತ್ತು ಜಿಂಬಾಬ್ವೆಗಳಲ್ಲಿ ಶೌಚಾಲಯ, ನೀರು, ಕೈತೊಳೆತಗಳಿಂದ ಭೇದಿಯೂ ತಗ್ಗಲಿಲ್ಲ, ಎತ್ತರವೂ ಹೆಚ್ಚಲಿಲ್ಲ. ಮಪುಟೊದ ಅಧ್ಯಯನ ಮುಖ್ಯವಾಗಿ ನೋಡಿದ್ದು ಮಕ್ಕಳ ಮಲದಲ್ಲಿ ಸೋಂಕಿನ ಜೀವಿಗಳಿವೆಯೇ ಎಂಬುದನ್ನು. ಅಲ್ಲೂ ವ್ಯತ್ಯಾಸ ಕಾಣಲಿಲ್ಲ.

ಅಡ್ಡಡ್ಡ ಓದಿದರೆ ಒಂದೊಂದು ಸಾಲೂ ಒಂದು ಪೇಪರಿನ ಕಥೆ. ಮೇಲಿನಿಂದ ಕೆಳಕ್ಕೆ ಒಂದೊಂದೇ ಕಾಲಮನ್ನು ಓದಿದಾಗ ಯಾವ ಪೇಪರೂ ಹೇಳದ ಸಂಗತಿ ಹೊರಬೀಳುತ್ತದೆ. ಭೇದಿ ಇಳಿದ ಬಾಂಗ್ಲಾದೇಶದಲ್ಲಿ ಎತ್ತರ ಹೆಚ್ಚಿಲ್ಲ. ಎತ್ತರ ಹೆಚ್ಚಿದ ಮಾಲಿಯಲ್ಲೂ ಗ್ರಾಮ ವಿಕಾಸ್ ಹಳ್ಳಿಗಳಲ್ಲೂ ಭೇದಿ ಇಳಿದಿಲ್ಲ. ಭೇದಿ ತಗ್ಗಿ, ಅದರಿಂದಾಗಿ ಎತ್ತರ ಬೆಳೆಯುತ್ತದೆ ಎಂಬ ನಮ್ಮ ಎಣಿಕೆಗೆ ಈ ಆರರಲ್ಲಿ ಒಂದು ಸಾಲೂ ಬೆಂಬಲ ಕೊಡುವುದಿಲ್ಲ. ‘ಫಲಿತಾಂಶ’ ಎಂದು ಒಂದೇ ಕಾಲಂ ಇಟ್ಟಿದ್ದರೆ ಬಾಂಗ್ಲಾದೇಶಕ್ಕೂ ಮಾಲಿಗೂ ಒಂದೇ ಬಗೆಯ ಸರಿ ಗುರುತು ಬಿದ್ದು, ಎರಡೂ ಒಂದೇ ಮಾತು ಹೇಳುತ್ತಿವೆ ಎಂದು ತೋರುತ್ತಿತ್ತು.

ಇದಕ್ಕೆ ಅಳತೆಯ ಸ್ವಭಾವವೂ ಒಂದು ಕಾರಣವಿರಬಹುದು. ಭೇದಿಯ ಲೆಕ್ಕ ತಾಯಿ ಹೇಳಿದ ಮಾತು. ಮನೆಗೆ ಶೌಚಾಲಯ ಕೊಟ್ಟವರು ಬಂದು ಕೇಳಿದಾಗ ‘ಈಗ ವಾಸಿ’ ಎನ್ನುವ ದಾಕ್ಷಿಣ್ಯ ಇರಲು ಸಾಧ್ಯ. ಎತ್ತರವನ್ನು ಪಟ್ಟಿ ಹಿಡಿದು ಅಳೆಯುತ್ತಾರೆ, ಅಲ್ಲಿ ದಾಕ್ಷಿಣ್ಯಕ್ಕೆ ಎಡೆಯಿಲ್ಲ. ಆದರೆ ಅದು ವರ್ಷಗಳ ಮೊತ್ತ, ಊಟ, ಕಾಯಿಲೆ, ತಾಯಿಯ ಆರೋಗ್ಯ ಎಲ್ಲ ಸೇರಿದ್ದು. ಇವೆರಡು ಕಾಲಂಗಳನ್ನು ಒಂದೇ ತೂಕದಲ್ಲಿ ಓದಬಾರದು.

ಶೌಚಾಲಯದ ಕಾಲಮನ್ನು ಎತ್ತರದ ಕಾಲಮಿನ ಪಕ್ಕ ಇಟ್ಟರೆ ಇನ್ನೊಂದು ಮುಜುಗರ ಕಾಣುತ್ತದೆ. ವ್ಯಾಪ್ತಿ ಹೆಚ್ಚಿದಷ್ಟೂ ಫಲ ಹೆಚ್ಚಬೇಕಲ್ಲವೇ? ಮಹಾರಾಷ್ಟ್ರದಲ್ಲಿ ವ್ಯಾಪ್ತಿ ಏರಿದ್ದು ಸುಮಾರು 8 ಅಂಕ ಮಾತ್ರ, ಎತ್ತರದ ಲಾಭ ಎಲ್ಲಕ್ಕಿಂತ ದೊಡ್ಡದು. ಪುರಿಯಲ್ಲಿ ವ್ಯಾಪ್ತಿ 54 ಅಂಕ ಏರಿತು, ಎತ್ತರ ಅಲುಗಲಿಲ್ಲ. ಇಂಥ ಜೋಡಿ ಕಂಡಾಗ ಆ ಎರಡು ಪಿಡಿಎಫ್‌ಗಳನ್ನು ಮತ್ತೆ ತೆರೆಯಬೇಕು. ತೆರೆದರೆ ಸಿಗುವ ಸುಳಿವು ಇದು: ಮಹಾರಾಷ್ಟ್ರದ ಪ್ರಯೋಗವನ್ನು ಮೂರು ಜಿಲ್ಲೆಗಳಿಗೆ ಯೋಜಿಸಲಾಗಿತ್ತು, ಜಾರಿಯಾದದ್ದು ಅಹ್ಮದ್‌ನಗರ ಒಂದರಲ್ಲೇ, ಅಲ್ಲಿನ 60 ಹಳ್ಳಿಗಳಲ್ಲಿ. ಕಾರ್ಯಕ್ರಮವನ್ನು ಮಾಡಿ ತೋರಿಸಬಲ್ಲ ಜಿಲ್ಲೆಯೇ ಉಳಿದುಕೊಂಡಿತು ಎಂದಾಗ, ಅಲ್ಲಿನ ಫಲ ಬೇರೆ ಜಿಲ್ಲೆಗೂ ಸಿಗುತ್ತದೆ ಎನ್ನಲು ಆಧಾರ ಸಾಲದು. ಲೇಖಕರೇ ಈ ಪ್ರಶ್ನೆಯನ್ನು ಶೀರ್ಷಿಕೆಯಲ್ಲೇ ಎತ್ತಿದ್ದಾರೆ.

ಗ್ರಾಮ ವಿಕಾಸ್ ಸಾಲಿಗೂ ಎರಡು ಷರಾ ಬೇಕು. ಅಲ್ಲಿ ಶೌಚಾಲಯದ ಜತೆ ಮನೆಗೆ ನಲ್ಲಿ ನೀರೂ ಬಂದಿತ್ತು, ಆದ್ದರಿಂದ ಎತ್ತರದ ಶ್ರೇಯಸ್ಸು ಯಾವುದಕ್ಕೆ ಎಂದು ಬಿಡಿಸಲಾಗದು. ಹಳ್ಳಿಗಳನ್ನು ಚೀಟಿ ಎತ್ತಿ ಆರಿಸಿದ್ದಲ್ಲ, ಕಾರ್ಯಕ್ರಮ ನಡೆದ ಹಳ್ಳಿಗಳಿಗೆ ಹೋಲುವ ಬೇರೆ ಹಳ್ಳಿಗಳನ್ನು ಜೋಡಿ ಮಾಡಿದ್ದು. ಮಪುಟೊದಲ್ಲೂ ಗುಂಪುಗಳನ್ನು ಚೀಟಿ ಎತ್ತಿ ಮಾಡಿರಲಿಲ್ಲ. ‘ಅಧ್ಯಯನದ ಬಗೆ’ ಎಂಬ ಕಾಲಂ ಬೇಕಾಗುವುದು ಈ ಕಾರಣಕ್ಕೆ.

ಎಣಿಸಿ ತೀರ್ಪು ಕೊಡುವ ಆಸೆ

ಕೋಷ್ಟಕ ಮುಗಿದ ಕೂಡಲೇ ಬರುವ ಆಸೆ ಎಂದರೆ ಎಣಿಸುವುದು: ಒಂಬತ್ತರಲ್ಲಿ ಭೇದಿ ಇಳಿದದ್ದು ಒಂದರಲ್ಲಿ, ಎತ್ತರ ಹೆಚ್ಚಿದ್ದು ಮೂರರಲ್ಲಿ, ಹಾಗಾಗಿ ಶೌಚಾಲಯದಿಂದ ಲಾಭವಿಲ್ಲ. ಕಾಕ್ರೇನ್ ಕೈಪಿಡಿ ಈ ಬಗೆಯ ಎಣಿಕೆಯನ್ನು ಬೇಡವೆನ್ನುತ್ತದೆ. ದೊಡ್ಡ ಅಧ್ಯಯನಕ್ಕೂ ಚಿಕ್ಕದಕ್ಕೂ ಒಂದೇ ಓಟು ಸಿಗುತ್ತದೆ, ‘ಕಾಣಲಿಲ್ಲ’ ಎಂಬುದು ‘ಇಲ್ಲ’ ಆಗಿಬಿಡುತ್ತದೆ. ಸಾಲುಸಾಲುಗಳ ನಡುವಿನ ವ್ಯತ್ಯಾಸಕ್ಕೆ ಕಾರಣ ಹೇಳುವಾಗಲೂ ಎಚ್ಚರ ಬೇಕು. ಬಾಂಗ್ಲಾದೇಶದಲ್ಲಿ ಕಾರ್ಯಕರ್ತರು ತಿಂಗಳಿಗೆ ಸರಾಸರಿ ಆರು ಸಲ ಮನೆಗೆ ಹೋಗುತ್ತಿದ್ದರು, ಕೀನ್ಯಾದಲ್ಲಿ ಭೇಟಿ ಅಷ್ಟು ದಟ್ಟವಾಗಿರಲಿಲ್ಲ. ಇದೇ ಕಾರಣ ಎನ್ನಲು ಮನಸ್ಸಾಗುತ್ತದೆ. ಆದರೆ ಕೀನ್ಯಾದ ಹೋಲಿಕೆಯ ಗುಂಪಿನಲ್ಲಿ ಭೇದಿ ಶೇ. 27, ಬಾಂಗ್ಲಾದಲ್ಲಿ ಶೇ. 5.7. ನೀರು, ಜಾನುವಾರು, ಮನೆಗಳ ದಟ್ಟಣೆ ಎಲ್ಲವೂ ಬೇರೆ. ಒಂದು ಪ್ರಯೋಗದೊಳಗಿನ ಎರಡು ಗುಂಪುಗಳನ್ನು ಚೀಟಿ ಎತ್ತಿ ಸಮ ಮಾಡಿರುತ್ತಾರೆ. ಎರಡು ದೇಶಗಳನ್ನು ಯಾರೂ ಹಾಗೆ ಸಮ ಮಾಡಿರುವುದಿಲ್ಲ.

ಹಾಗಾದರೆ ಈ ಕೋಷ್ಟಕದಿಂದ ಬರೆಯಬಹುದಾದ ಪ್ಯಾರಾ ಯಾವುದು? ಹೆಚ್ಚುಕಮ್ಮಿ ಹೀಗೆ: ‘ಒಂಬತ್ತು ಅಧ್ಯಯನಗಳಲ್ಲಿ ಶೌಚಾಲಯದ ವ್ಯಾಪ್ತಿ ಎಲ್ಲೆಲ್ಲಿ ವರದಿಯಾಗಿದೆಯೋ ಅಲ್ಲೆಲ್ಲ ಏರಿದೆ, ಏರಿಕೆಯ ಪ್ರಮಾಣದಲ್ಲಿ ಮಾತ್ರ ಭಾರಿ ಅಂತರವಿದೆ. ಭೇದಿಯ ಇಳಿಕೆ ಬಾಂಗ್ಲಾದೇಶದಲ್ಲಿ ಸ್ಪಷ್ಟ. ಎತ್ತರದ ಲಾಭ ಮಾಲಿ, ಅಹ್ಮದ್‌ನಗರ ಮತ್ತು ಗ್ರಾಮ ವಿಕಾಸ್ ಹಳ್ಳಿಗಳಲ್ಲಿ ಕಂಡಿದೆ. ಎರಡೂ ಒಟ್ಟಿಗೆ ಕಂಡ ಅಧ್ಯಯನ ಇವುಗಳಲ್ಲಿ ಇಲ್ಲ. ಎತ್ತರ ಹೆಚ್ಚಿದ ಮೂರೂ ಕಡೆ ಕಾರ್ಯಕ್ರಮ ಇಡೀ ಊರನ್ನು ಗುರಿಯಾಗಿಸಿತ್ತು, ಆದರೆ ಹಾಗೆಯೇ ಗುರಿಯಾಗಿಸಿದ ಪುರಿ ಮತ್ತು ಮಧ್ಯಪ್ರದೇಶಗಳಲ್ಲಿ ಎತ್ತರ ಹೆಚ್ಚಿಲ್ಲ.’ ಈ ಪ್ಯಾರಾದ ಒಂದೊಂದು ವಾಕ್ಯಕ್ಕೂ ಕೋಷ್ಟಕದಲ್ಲಿ ಬೆರಳಿಟ್ಟು ತೋರಿಸಬಹುದಾದ ಕಾಲಂ ಇದೆ. ಕೊನೆಯ ವಾಕ್ಯ ಮುಂದಿನ ಹುಡುಕಾಟದ ದಾರಿಯನ್ನೂ ತೋರಿಸುತ್ತದೆ: ಹನ್ನೊಂದನೆಯ ಪಿಡಿಎಫ್ ಆಗಿ ಬರಬೇಕಾದದ್ದು ಊರಿನಲ್ಲಿ ಎಷ್ಟು ಮನೆಗಳಿಗೆ ಶೌಚಾಲಯ ಇದೆ ಎಂಬುದರ ಜತೆಗೆ ಎಷ್ಟು ಮಂದಿ ಅದನ್ನು ದಿನವೂ ಬಳಸುತ್ತಾರೆ ಎಂಬುದನ್ನೂ ಅಳೆದಿರುವ ಅಧ್ಯಯನ.